ಸಣ್ಣ ಸಾಲ ಮೊದಲೋ, ದುಬಾರಿ ಬಡ್ಡಿ ಮೊದಲೋ: ಮುಧೋಳದ ಒಂದು ಮನೆಯ ಹದಿನಾರು ತಿಂಗಳ ಲೆಕ್ಕ

ಎರಡು ಮೂರು ಕಡೆ ಸಾಲ ಇರುವ ಮನೆಯಲ್ಲಿ ತಿಂಗಳ ಕಂತೆಲ್ಲ ಕಟ್ಟಿದ ಮೇಲೆ ಸ್ವಲ್ಪ ದುಡ್ಡು ಉಳಿದರೆ, ಅದನ್ನು ಯಾವ ಸಾಲಕ್ಕೆ ಹಾಕಬೇಕು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಬಾಕಿ ಯಾವುದು ಕಡಿಮೆಯೋ ಅದನ್ನು ಮೊದಲು ಮುಗಿಸಿ, ಅದರ ಕಂತನ್ನು ಮುಂದಿನ ಸಾಲಕ್ಕೆ ಸೇರಿಸುತ್ತ ಹೋಗುವುದು ಒಂದು. ಬಡ್ಡಿ ಯಾವುದಕ್ಕೆ ಹೆಚ್ಚೋ ಅದರ ಅಸಲನ್ನು ಮೊದಲು ಕರಗಿಸುವುದು ಇನ್ನೊಂದು. ಲೆಕ್ಕದ ದೃಷ್ಟಿಯಿಂದ ಎರಡನೆಯದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಎಷ್ಟು ರೂಪಾಯಿಯಷ್ಟು ಸರಿ, ಆ ಲಾಭ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ, ಯಾವ ಕಾರಣಕ್ಕೆ ಕೈತಪ್ಪುತ್ತದೆ ಎಂಬುದು ತಾರೀಖು ಹಾಕಿಕೊಂಡು ಬರೆದಾಗಲೇ ತಿಳಿಯುವುದು.

ಲೆಕ್ಕಕ್ಕೆಂದು ಮುಧೋಳದ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಗಂಡನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಪಗಾರ, ಹೆಂಡತಿಗೆ ಮನೆಯಲ್ಲೇ ಹೊಲಿಗೆ ಕೆಲಸ. ಮನೆ ಖರ್ಚು ಕಳೆದು ಸಾಲಕ್ಕೆಂದೇ ತಿಂಗಳಿಗೆ 8,000 ರೂಪಾಯಿ ಎತ್ತಿಡಲು ಆಗುತ್ತದೆ. ಮೇ ತಿಂಗಳ ಕಂತು ಕಟ್ಟಿದ ಮೇಲೆ ಮೂರು ಸಾಲ ಉಳಿದಿವೆ.

ಮೊದಲನೆಯದು ಪತ್ತಿನ ಸಹಕಾರಿ ಸಂಘದ್ದು, ಊರವರ ಮಾತಿನಲ್ಲಿ ಸೊಸೈಟಿ ಸಾಲ. ಬಾಕಿ 12,000, ಬಡ್ಡಿ ವರ್ಷಕ್ಕೆ ನೂರಕ್ಕೆ 12, ಪ್ರತಿ ತಿಂಗಳು 5ನೇ ತಾರೀಖಿಗೆ 1,200 ರೂಪಾಯಿ ಕಂತು. ಎರಡನೆಯದು ಹೆಂಡತಿಯ ಹೆಸರಿನಲ್ಲಿರುವ ಮೈಕ್ರೋ ಫೈನಾನ್ಸ್ ಗುಂಪಿನ ಸಾಲ. ಬಾಕಿ 28,000, ಬಡ್ಡಿ ವರ್ಷಕ್ಕೆ 24, ಪ್ರತಿ 12ನೇ ತಾರೀಖಿಗೆ 2,000. ಮೂರನೆಯದು ಊರಿನ ಸಾಹುಕಾರರ ಹತ್ತಿರ ಮೂರು ರೂಪಾಯಿ ಬಡ್ಡಿಯಂತೆ ತಂದ 60,000. ಇದಕ್ಕೆ ಕಂತು ಎಂಬುದೇ ಇಲ್ಲ. 20ನೇ ತಾರೀಖಿಗೆ 1,800 ರೂಪಾಯಿ ಬಡ್ಡಿ ಮುಟ್ಟಿಸಿದರೆ ಅವರು ಸುಮ್ಮನಿರುತ್ತಾರೆ.

ಮೂರೂ ಕಡೆ ಕಡ್ಡಾಯವಾಗಿ ಹೋಗುವುದು 5,000. ಉಳಿಯುವುದು 3,000. ಎರಡು ದಾರಿಗಳ ನಡುವಿನ ಜಗಳವೆಲ್ಲ ಈ ಮೂರು ಸಾವಿರದ ಬಗ್ಗೆಯೇ.

ಬಡ್ಡಿಯನ್ನು ಒಂದೇ ಅಳತೆಗೆ ತರುವುದು

ಯಾವುದು ದುಬಾರಿ ಎಂದು ಸಾಲು ಹಚ್ಚುವ ಮುಂಚೆ ಒಂದು ಕೆಲಸ ಮಾಡಲೇಬೇಕು. ಸಾಹುಕಾರರು ಹೇಳುವ ಮೂರು ರೂಪಾಯಿ ತಿಂಗಳದ್ದು, ಫೈನಾನ್ಸಿನವರು ಹೇಳುವ 24 ವರ್ಷದ್ದು. ಕಿವಿಗೆ ಮೂರು ಚಿಕ್ಕದಾಗಿ ಕೇಳುತ್ತದೆ, ಹನ್ನೆರಡರಿಂದ ಗುಣಿಸಿದರೆ ಅದು 36. ಮೂರನ್ನೂ ತಿಂಗಳಿಗೆ ಇಳಿಸಿದರೆ ಸೊಸೈಟಿಗೆ ನೂರಕ್ಕೆ ಒಂದು ರೂಪಾಯಿ, ಗುಂಪಿನ ಸಾಲಕ್ಕೆ ಎರಡು, ಸಾಹುಕಾರರಿಗೆ ಮೂರು.

ಬೈಕು, ಫ್ರಿಜ್ಜಿನ ಸಾಲಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಹೇಳುವ ಬಡ್ಡಿ ಬಹಳ ಸಲ ಫ್ಲ್ಯಾಟ್ ರೇಟು, ಅಂದರೆ ಅಸಲು ತೀರುತ್ತ ಬಂದರೂ ಬಡ್ಡಿ ಮಾತ್ರ ಮೊದಲಿನ ಪೂರ್ತಿ ಮೊತ್ತದ ಮೇಲೇ ಹಾಕಿರುತ್ತಾರೆ. ಒಂದು ವರ್ಷದ ಸಾಲಕ್ಕೆ ಫ್ಲ್ಯಾಟ್ 12 ಎಂದರೆ, ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 21ರಿಂದ 22 ಆಗುತ್ತದೆ. ಅಂಥ ಸಾಲವನ್ನು 12 ಎಂದು ಬರೆದುಕೊಂಡು ಕೊನೆಗೆ ತಳ್ಳಿದರೆ ಸರದಿಯೇ ತಪ್ಪುತ್ತದೆ. ಮೈಕ್ರೋ ಫೈನಾನ್ಸಿನವರು ಸಾಲ ಕೊಡುವಾಗ ವರ್ಷದ ನಿಜವಾದ ಬಡ್ಡಿ ದರ ನಮೂದಿಸಿದ ಒಂದು ಮಾಹಿತಿ ಹಾಳೆಯನ್ನು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ, ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲದ ಕಾಗದಗಳ ನಡುವೆ ಅದನ್ನು ಹುಡುಕಿ ಅದರಲ್ಲಿರುವ ದರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಣ್ಣದು ಮೊದಲು

ಈ ದಾರಿಯಲ್ಲಿ ಮೂರು ಸಾವಿರವೂ ಸೊಸೈಟಿಗೆ ಹೋಗುತ್ತದೆ. ಅದು ಮುಗಿದ ಮೇಲೆ ಅದರ 1,200ರ ಕಂತೂ ಸೇರಿ ಗುಂಪಿನ ಸಾಲಕ್ಕೆ, ಅದೂ ಮುಗಿದ ಮೇಲೆ ಎಲ್ಲವೂ ಸಾಹುಕಾರರಿಗೆ. ಯಾವ ತಾರೀಖಿಗೆ ಎಷ್ಟು ಹೋಗುತ್ತದೆ ನೋಡಿ:

| ತಿಂಗಳು | 5ಕ್ಕೆ ಸೊಸೈಟಿ | 12ಕ್ಕೆ ಗುಂಪು | 20ಕ್ಕೆ ಸಾಹುಕಾರ |
|---|---|---|---|
| ಜೂನ್, ಜುಲೈ | 4,200 | 2,000 | 1,800 |
| ಆಗಸ್ಟ್ | 3,837 (ಮುಗಿಯಿತು) | 2,363 | 1,800 |
| ಸೆಪ್ಟೆಂಬರ್‌ನಿಂದ ನವೆಂಬರ್ | – | 6,200 | 1,800 |
| ಡಿಸೆಂಬರ್ | – | 5,792 (ಮುಗಿಯಿತು) | 2,208 |
| ಜನವರಿಯಿಂದ ಆಗಸ್ಟ್ | – | – | 8,000 |
| ಸೆಪ್ಟೆಂಬರ್ | – | – | 4,481 (ಮುಗಿಯಿತು) |

ಹದಿನಾರು ತಿಂಗಳಲ್ಲಿ ಒಟ್ಟು 1,24,481 ಕಟ್ಟಿದಂತಾಯಿತು. ಅದರಲ್ಲಿ ಬಡ್ಡಿ 24,481.

ಈ ಪಟ್ಟಿಯಲ್ಲಿ ಕಣ್ಣಿಡಬೇಕಾದದ್ದು ಕೊನೆಯ ಕಂಬದ ಮೇಲೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಏಳು ತಿಂಗಳು ಸಾಹುಕಾರರಿಗೆ 12,600 ರೂಪಾಯಿ ಬಡ್ಡಿ ಹೋಗಿದೆ, ಅಸಲು ಇಳಿದದ್ದು ಬರೀ 408. ಅತ್ಯಂತ ದುಬಾರಿ ಸಾಲ ಅಷ್ಟು ದಿನ ಅಲ್ಲಾಡದೆ ಕುಳಿತಿರುತ್ತದೆ. ಈ ದಾರಿಯ ನಷ್ಟವೆಲ್ಲ ಇಲ್ಲಿಯೇ ಇದೆ.

ದುಬಾರಿ ಬಡ್ಡಿ ಮೊದಲು

ಇಲ್ಲಿ ಸೊಸೈಟಿಗೂ ಗುಂಪಿಗೂ ಕಂತಿನಷ್ಟೇ. ಉಳಿದದ್ದೆಲ್ಲ ಸಾಹುಕಾರರ ಅಸಲಿಗೆ.

| ತಿಂಗಳು | 5ಕ್ಕೆ ಸೊಸೈಟಿ | 12ಕ್ಕೆ ಗುಂಪು | 20ಕ್ಕೆ ಸಾಹುಕಾರ |
|---|---|---|---|
| ಜೂನ್‌ನಿಂದ ಮಾರ್ಚ್ | 1,200 | 2,000 | 4,800 |
| ಏಪ್ರಿಲ್ | 708 (ಮುಗಿಯಿತು) | 2,000 | 5,292 |
| ಮೇಯಿಂದ ಜುಲೈ | – | 2,000 | 6,000 |
| ಆಗಸ್ಟ್ | – | 3,370 | 4,630 (ಮುಗಿಯಿತು) |
| ಸೆಪ್ಟೆಂಬರ್ | – | 1,763 (ಮುಗಿಯಿತು) | – |

ಒಟ್ಟು 1,21,763. ಬಡ್ಡಿ 21,763. ಮೊದಲ ದಾರಿಗಿಂತ 2,718 ರೂಪಾಯಿ ಉಳಿತಾಯ. ಮುಗಿಯುವುದು ಮಾತ್ರ ಅದೇ ಸೆಪ್ಟೆಂಬರಿನಲ್ಲಿ.

36ಕ್ಕೂ 12ಕ್ಕೂ ಅಷ್ಟು ದೂರವಿರುವಾಗ ಉಳಿಯುವುದು ಇಷ್ಟೇನಾ ಎಂದು ಬಹಳ ಜನ ಕೇಳುತ್ತಾರೆ. ಕಾರಣ ಸರಳ. ಎರಡು ದಾರಿಗಳಲ್ಲೂ ಲಕ್ಷ ರೂಪಾಯಿ ಸಾಲವೂ ಅದೇ, ಎಂಟು ಸಾವಿರವೂ ಅದೇ. ಜಾಗ ಬದಲಿಸುವುದು ಮೂರು ಸಾವಿರ ಮಾತ್ರ. ಜೂನ್‌ನಲ್ಲಿ ಆ ಮೂರು ಸಾವಿರ ಸೊಸೈಟಿಗೆ ಹೋದರೆ ಜುಲೈ ತಿಂಗಳ ಬಡ್ಡಿಯಲ್ಲಿ 30 ರೂಪಾಯಿ ಕಡಿಮೆಯಾಗುತ್ತದೆ. ಸಾಹುಕಾರರಿಗೆ ಹೋದರೆ 90 ಕಡಿಮೆ. ಅಂದರೆ ಮೊದಲ ತಿಂಗಳ ವ್ಯತ್ಯಾಸ ಬರೀ 60 ರೂಪಾಯಿ. ಮುಂದಿನ ತಿಂಗಳ ಮೂರು ಸಾವಿರವೂ ಅದರ ಜತೆ ಸೇರಿದಾಗ ಅದು ಬೆಳೆಯುತ್ತದೆ, ಹೀಗೆ ಹನಿ ಹನಿಯಾಗಿ.

ಇದರಿಂದ ಹೊರಡುವ ಒಂದು ಸಂಗತಿಯನ್ನು ಈ ಎರಡು ದಾರಿ ವಿವರಿಸುವವರು ಹೇಳುವುದು ಕಡಿಮೆ. ಉಳಿತಾಯದ ಹೆಚ್ಚಿನ ಪಾಲು ಬರುವುದು ಡಿಸೆಂಬರ್ ದಾಟಿದ ಮೇಲೆ. ಡಿಸೆಂಬರ್ ಮುಗಿದಾಗ ಮೊದಲ ದಾರಿಯಲ್ಲಿ ಒಟ್ಟು ಬಾಕಿ 59,592, ಎರಡನೆಯದರಲ್ಲಿ 58,515. ವ್ಯತ್ಯಾಸ 1,077 ಮಾತ್ರ. ಜನವರಿಯಿಂದ ಅದು ವೇಗ ಹಿಡಿಯುತ್ತದೆ. ಮೊದಲ ದಾರಿಯಲ್ಲಿ ಉಳಿದ ಬಾಕಿಯೆಲ್ಲ ಮೂರು ರೂಪಾಯಿ ಬಡ್ಡಿಯದ್ದಾದ್ದರಿಂದ ಆ ತಿಂಗಳು 1,788 ಬಡ್ಡಿ, ಎರಡನೆಯದರಲ್ಲಿ ಮೂರೂ ಸೇರಿ 1,498. ಆ ಒಂದೇ ತಿಂಗಳಿಗೆ 290 ರೂಪಾಯಿ ಅಂತರ. ಹಾಗಾಗಿ ದುಬಾರಿ ಮೊದಲು ಎಂದು ಹಿಡಿದು ಆರೇಳು ತಿಂಗಳಿಗೆ ಬಿಟ್ಟುಕೊಟ್ಟವರಿಗೆ ಅದರ ಲಾಭ ಅರ್ಧವೂ ಸಿಗುವುದಿಲ್ಲ. ಈ ದಾರಿ ಹಿಡಿಯುವವರು ಕೊನೆಯವರೆಗೂ ನಡೆಯುವ ಗ್ಯಾರಂಟಿ ಇದ್ದರೆ ಮಾತ್ರ ಹಿಡಿಯಬೇಕು.

ಜನವರಿಯಲ್ಲಿ ಆದಾಯ ನಿಂತರೆ

ಈಗ ಅದೇ ಎರಡು ಪಟ್ಟಿಗಳನ್ನು ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಓದೋಣ. ಜನವರಿಯಲ್ಲಿ ಮನೆಯಲ್ಲಿ ಯಾರಿಗೋ ಆಪರೇಷನ್ ಆಯಿತು, ಎಂಟು ಸಾವಿರ ಎತ್ತಿಡುವುದು ಸಾಧ್ಯವೇ ಇಲ್ಲ. ಕನಿಷ್ಠ ಎಷ್ಟು ಕಟ್ಟಿದರೆ ಯಾರೂ ಬಾಗಿಲಿಗೆ ಬರುವುದಿಲ್ಲ?

ಸಣ್ಣದು ಮೊದಲು ಎಂದು ಹೋದ ಮನೆಗೆ ಆಗ ಉಳಿದಿರುವುದು ಸಾಹುಕಾರರ ಸಾಲ ಒಂದೇ. 1,788 ಬಡ್ಡಿ ಮುಟ್ಟಿಸಿದರೆ ಆ ತಿಂಗಳು ದಾಟುತ್ತದೆ. ದುಬಾರಿ ಮೊದಲು ಎಂದು ಹೋದ ಮನೆಗೆ ಸೊಸೈಟಿಯ 1,200, ಗುಂಪಿನ 2,000, ಸಾಹುಕಾರರ ಬಡ್ಡಿ 1,110, ಒಟ್ಟು 4,310 ಬೇಕು. ಬಾಕಿ ಮೊತ್ತ ಎರಡೂ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಇದ್ದರೂ, ಕಡ್ಡಾಯದ ಹೊರೆ ಒಂದಕ್ಕೆ ಇನ್ನೊಂದರ ಸುಮಾರು ಎರಡೂವರೆ ಪಟ್ಟು.

ಇದು ಬರೀ ಮನಸ್ಸಿನ ಸಮಾಧಾನದ ಮಾತಲ್ಲ, ದುಡ್ಡಿನ ಮಾತೇ. ಎರಡನೇ ಮನೆಯವರು ಗುಂಪಿನ ಕಂತು ತಪ್ಪಿಸಬಾರದೆಂದು ಆ ತಿಂಗಳು ಇನ್ನೊಬ್ಬರ ಹತ್ತಿರ ಐದು ರೂಪಾಯಿ ಬಡ್ಡಿಗೆ ತಂದರೆ, ಹದಿನಾರು ತಿಂಗಳಲ್ಲಿ ಉಳಿಯಬೇಕಿದ್ದ 2,718 ಅಲ್ಲಿಯೇ ಕರಗಲು ಶುರುವಾಗುತ್ತದೆ. ಕಂತು ತಪ್ಪಿಸಿದರೆ ಕ್ರೆಡಿಟ್ ದಾಖಲೆ ಕೆಡುತ್ತದೆ, ಗುಂಪಿನ ಉಳಿದ ಹೆಂಗಸರ ಮುಂದೆ ನಿಲ್ಲಬೇಕಾಗುತ್ತದೆ.

ಸೊಸೈಟಿ ಸಾಲದಲ್ಲಿ ಇನ್ನೊಂದು ಸಂಗತಿ ಇರುತ್ತದೆ. ಅದಕ್ಕೆ ಯಾರೋ ಜಾಮೀನು ಹಾಕಿರುತ್ತಾರೆ. "ಸೊಸೈಟೀದು ಮೊದ್ಲ ಮುಗಸೂಣ್ರಿ, ನಮ್ಮಣ್ಣನ ಸಹಿ ಐತಿ ಅದರಾಗ" ಎಂದು ಹೆಂಡತಿ ಹೇಳಿದರೆ ಆ ಮಾತಿಗೆ ತೂಕವಿದೆ. ಜಾಮೀನು ನಿಂತವರ ಹೆಸರಿಗೆ ನೋಟಿಸ್ ಹೋದರೆ ಆಗುವ ನಷ್ಟವನ್ನು ಬಡ್ಡಿಯ ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲ.

ಎರಡರ ನಡುವೆ ಒಂದು ಒಳದಾರಿಯೂ ಇದೆ. ಆಗಸ್ಟ್‌ವರೆಗೆ ಸೊಸೈಟಿ ಮುಗಿಸಿ ಜಾಮೀನುದಾರರನ್ನು ಬಿಡಿಸಿಕೊಳ್ಳುವುದು, ಅಲ್ಲಿಂದ ಮುಂದೆ ಗುಂಪಿಗೆ ಕಂತಿನಷ್ಟೇ ಕಟ್ಟುತ್ತ ಉಳಿದ ಆರು ಸಾವಿರವನ್ನು ಸಾಹುಕಾರರಿಗೆ ಹಾಕುವುದು. ಇದನ್ನೂ ಲೆಕ್ಕ ಹಾಕಿದರೆ ಬಡ್ಡಿ 23,035 ಆಗುತ್ತದೆ. ದುಬಾರಿ ಮೊದಲು ದಾರಿಗಿಂತ ಸುಮಾರು 1,270 ಹೆಚ್ಚು, ಸಣ್ಣದು ಮೊದಲು ದಾರಿಗಿಂತ ಸುಮಾರು 1,450 ಕಡಿಮೆ. ಮುಗಿಯುವುದು ಅದೇ ಸೆಪ್ಟೆಂಬರ್. ಪಗಾರ ಹೆಚ್ಚುಕಡಿಮೆ ಖಾತ್ರಿ ಇರುವ ಈ ಮನೆಗೆ ನಾನಾದರೆ ಇದನ್ನೇ ಹೇಳುತ್ತೇನೆ. ರಬಕವಿ-ಬನಹಟ್ಟಿಯ ಮಗ್ಗದವರ ಹಾಗೆ ಕೆಲವು ತಿಂಗಳು ಕೂಲಿ ಇಳಿಯುವ ಮನೆಯಾದರೆ ಪೂರ್ತಿ ಸಣ್ಣದು ಮೊದಲು ದಾರಿಯೇ ವಾಸಿ, ಎರಡೂವರೆ ಸಾವಿರ ಚಿಲ್ಲರೆ ಹೆಚ್ಚು ಹೋದರೂ.

ಸಾಹುಕಾರರು ಚಿಲ್ಲರೆ ಅಸಲು ಒಲ್ಲೆ ಎಂದರೆ

ದುಬಾರಿ ಮೊದಲು ಎಂಬ ದಾರಿಯ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಅದೇನೆಂದರೆ, ಕೊಟ್ಟ ಹೆಚ್ಚಿನ ದುಡ್ಡು ಅದೇ ದಿನ ಅಸಲಿನಿಂದ ಕಳೆಯುತ್ತದೆ ಎಂಬುದು. ಬ್ಯಾಂಕಿನಲ್ಲಿ ಇದು ನಡೆಯುತ್ತದೆ. ನಮ್ಮ ಕಡೆಯ ಬಡ್ಡಿ ವ್ಯವಹಾರದಲ್ಲಿ ಕೇಳಿಬರುವ ಉತ್ತರವೇ ಬೇರೆ: "ಅಸಲ ಕೊಡೂದಿದ್ರ ಪೂರಾ ಕೊಡ್ರಿ, ಚಿಲ್ಲರ ಚಿಲ್ಲರ ತಗೊಂಡ ನಾ ಏನ ಮಾಡ್ಲಿ?" ಅವರಿಗೆ ತಿಂಗಳ 1,800 ಬರುತ್ತಿರುವುದು ಅಸಲು ಪೂರ್ತಿ ಇರುವುದರಿಂದ. ಅದು ಕರಗುವುದು ಅವರಿಗೆ ಬೇಡ.

ಹೀಗಾದಾಗ ಏನಾಗುತ್ತದೆ? ಮೂರು ಸಾವಿರವನ್ನು ಬೇರೆ ಕಡೆ ಕೂಡಿಡುತ್ತ ಅರವತ್ತು ಸಾವಿರ ಆಗುವವರೆಗೆ ಕಾಯುವುದು ಅತ್ಯಂತ ಕೆಟ್ಟ ಆಯ್ಕೆ. ಕೂಡಿಟ್ಟ ದುಡ್ಡಿಗೆ ಉಳಿತಾಯ ಖಾತೆಯ ಸಣ್ಣ ಬಡ್ಡಿ, ಇತ್ತ ಎರಡು ರೂಪಾಯಿಯ ಗುಂಪಿನ ಸಾಲ ಹಾಗೆಯೇ ನಡೆಯುತ್ತಿರುತ್ತದೆ. ಆಗ ಚಿಲ್ಲರೆ ಅಸಲು ತೆಗೆದುಕೊಳ್ಳುವ ಸಾಲಗಳನ್ನೇ ಮೊದಲು ಮುಗಿಸಬೇಕು, ಅಂದರೆ ಸೊಸೈಟಿ ಮತ್ತು ಗುಂಪು. ಡಿಸೆಂಬರಿಗೆ ಅವೆರಡೂ ಮುಗಿದ ಮೇಲೆ ಜನವರಿಯಿಂದ ತಿಂಗಳಿಗೆ 6,200 ಕೂಡಿಡುತ್ತ ಹೋದರೆ ಮುಂದಿನ ಅಕ್ಟೋಬರ್ 20ಕ್ಕೆ ಅರವತ್ತು ಸಾವಿರ ಒಟ್ಟಿಗೆ ಕೊಡಲು ಆಗುತ್ತದೆ. ಅಷ್ಟರಲ್ಲಿ ಮೂರೂ ಸಾಲಗಳಿಗೆ ಹೋದ ಬಡ್ಡಿ 33,592. ಚಿಲ್ಲರೆ ಅಸಲು ಒಲ್ಲೆ ಎಂಬ ಒಂದು ಮಾತಿನ ಬೆಲೆ ಒಂಬತ್ತು ಸಾವಿರಕ್ಕೂ ಹೆಚ್ಚು. ಯಾವುದು ಮೊದಲು ಎಂಬ ಇಡೀ ಚರ್ಚೆಯ 2,718ಕ್ಕಿಂತ ಇದು ಮೂರು ಪಟ್ಟು ದೊಡ್ಡದು. ಆದ್ದರಿಂದ ಪಟ್ಟಿ ಬರೆಯಲು ಕೂರುವ ಮುಂಚೆಯೇ ಈ ಪ್ರಶ್ನೆ ಕೇಳಿಕೊಂಡು ಬರಬೇಕು: ತಿಂಗಳು ಮೂರು ಸಾವಿರ ಅಸಲು ಕೊಟ್ಟರೆ ಹಿಡಿಯುತ್ತೀರಾ? ಅದು ಬೇಡವೆಂದರೆ ಹತ್ತು ಸಾವಿರದಂತೆ? ಮೂವತ್ತರಂತೆ ಎರಡು ಸಲ?

ಒಪ್ಪಿದವರ ಹತ್ತಿರವೂ ಬರೆದದ್ದು ಬೇಕು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು, ಉಳಿದ ಅಸಲು ಎಷ್ಟು ಎಂದು ನಾಲ್ಕು ಕಂಬ ಹಾಕಿ ಪ್ರತಿ ಸಲ ಅವರ ಸಹಿ ಹಾಕಿಸಬೇಕು. ಜೂನ್ 20ಕ್ಕೆ 4,800 ಕೊಟ್ಟರೆ 1,800 ಬಡ್ಡಿ, 3,000 ಅಸಲು, ಉಳಿದದ್ದು 57,000 ಎಂದು ಬರೆದಿರಬೇಕು. ಜುಲೈ 20ಕ್ಕೆ ಅವರು ಕೇಳುವ ಬಡ್ಡಿ 1,710 ಆಗಿದ್ದರೆ ಲೆಕ್ಕ ಸರಿಯಾಗಿ ನಡೆಯುತ್ತಿದೆ. ಮತ್ತೆ 1,800 ಕೇಳಿದರೆ ಆ ಮೂರು ಸಾವಿರ ಅಸಲಿಗೆ ಹೋಗಿಲ್ಲ. ಎರಡನೇ ತಿಂಗಳಲ್ಲೇ ತಿಳಿದುಬರುವ ಈ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು. ತಾರೀಖನ್ನೂ ತಪ್ಪಿಸಬಾರದು, 20 ದಾಟಿ ಒಂದು ದಿನವಾದರೂ ಪೂರ್ತಿ ತಿಂಗಳ ಬಡ್ಡಿ ಹಿಡಿಯುವವರಿದ್ದಾರೆ.

ಗುಂಪಿನ ಸಾಲದಲ್ಲೂ ಇದೇ ಜಾಗರೂಕತೆ ಬೇಕು. ಅವಧಿಗೆ ಮುಂಚೆ ತೀರಿಸಿದರೆ ಮೈಕ್ರೋ ಫೈನಾನ್ಸ್ ಸಾಲಕ್ಕೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ನಿಯಮಗಳಲ್ಲಿ ಹೇಳಿದೆ. ಆದರೆ ಸೆಪ್ಟೆಂಬರಿನಲ್ಲಿ ಕೊಟ್ಟ 6,200ನ್ನು ಮುಂದಿನ ಎರಡು ತಿಂಗಳ ಮುಂಗಡ ಕಂತು ಎಂದು ಬರೆದುಕೊಂಡರೆ ಬಡ್ಡಿ ಇಳಿಯುವುದಿಲ್ಲ. "ಹೆಚ್ಚಿನದ್ದು ಅಸಲಿಗೆ" ಎಂದು ರಸೀದಿಯಲ್ಲಿ ಬರೆಸಿ, ಉಳಿದ ಬಾಕಿಯ ಹೊಸ ಪಟ್ಟಿ ಕೇಳಿ ಪಡೆಯಬೇಕು.

ಮನೆಯಲ್ಲಿ ಬಂಗಾರವಿದ್ದರೆ ಲೆಕ್ಕವೇ ತಿರುಗುತ್ತದೆ. ಬ್ಯಾಂಕಿನಲ್ಲಿ ಅಡವಿಟ್ಟು ಅರವತ್ತು ಸಾವಿರ ತಂದು ಸಾಹುಕಾರರನ್ನು ಒಂದೇ ದಿನ ಮುಗಿಸಿದರೆ, ವರ್ಷಕ್ಕೆ 12ರಂತೆ ಹಿಡಿದರೂ ತಿಂಗಳ ಬಡ್ಡಿ 1,800ರಿಂದ 600ಕ್ಕೆ ಇಳಿಯುತ್ತದೆ. ಅಸಲು ಚಿಲ್ಲರೆಯಾಗಿ ಕಟ್ಟಲೂ ಬರುತ್ತದೆ. ಆಮೇಲೆ ಪಟ್ಟಿ ಹೊಸದಾಗಿ ಬರೆಯಬೇಕು, ಯಾಕೆಂದರೆ ಈಗ ಎಲ್ಲಕ್ಕಿಂತ ದುಬಾರಿ ಗುಂಪಿನ ಸಾಲ. ಅಡವಿನ ಅವಧಿ ಮುಗಿಯುವ ತಾರೀಖನ್ನು ಮಾತ್ರ ಪಟ್ಟಿಯ ಮೇಲ್ಗಡೆ ದೊಡ್ಡದಾಗಿ ಬರೆದಿಡಬೇಕು. ಅದು ತಪ್ಪಿದರೆ ಬಂಗಾರ ಹರಾಜಿಗೆ ಹೋಗುತ್ತದೆ.

ಕಬ್ಬಿನ ಬಿಲ್ಲು, ಬೋನಸ್ಸು, ಎಮ್ಮೆ ಮಾರಿದ ದುಡ್ಡು ಹೀಗೆ ಒಮ್ಮೆಗೆ ಬರುವ ಮೊತ್ತಕ್ಕೆ ಯಾವ ದಾರಿಯಲ್ಲಿದ್ದರೂ ಒಂದೇ ಜಾಗ, ಮೂರು ರೂಪಾಯಿಯ ಸಾಲ. ಇಪ್ಪತ್ತು ಸಾವಿರ ಅಸಲಿಗೆ ಹೋದರೆ ಮರುತಿಂಗಳಿನಿಂದಲೇ 600 ರೂಪಾಯಿ ಬಡ್ಡಿ ಕಡಿಮೆ. ಚಿಲ್ಲರೆ ಒಲ್ಲೆ ಎಂದವರೂ ದೊಡ್ಡ ಗಂಟನ್ನು ಒಲ್ಲೆ ಎನ್ನುವುದು ಕಡಿಮೆ.

ಪಟ್ಟಿ ಮುರಿಯುವುದು ಎಲ್ಲಿ

ಸಣ್ಣದು ಮೊದಲು ದಾರಿ ಕೆಡುವುದು ಆಗಸ್ಟ್‌ನಲ್ಲಿ. ಸೊಸೈಟಿ ಮುಗಿದ ಖುಷಿಯಲ್ಲಿ ಅಲ್ಲಿ ಕಟ್ಟುತ್ತಿದ್ದ 4,200 ಮನೆ ಖರ್ಚಿಗೆ ಜಾರುತ್ತದೆ. ಉಳಿದೆರಡು ಸಾಲಗಳಿಗೆ ಕಡ್ಡಾಯದ್ದಷ್ಟೇ ಹೋಗುತ್ತದೆ. ಹಾಗೆ ಸಾಹುಕಾರರಿಗೆ ಬರೀ ಬಡ್ಡಿ ಕಟ್ಟುತ್ತ ಕುಳಿತರೆ ಹದಿನಾರು ತಿಂಗಳಿಗೆ 28,800 ಕೊಟ್ಟಿರುತ್ತೀರಿ, ಅಸಲು ಅದೇ ಅರವತ್ತು ಸಾವಿರ. ದುಬಾರಿ ಮೊದಲು ದಾರಿ ಕೆಡುವುದು ಬೇರೆ ರೀತಿ. ಹೆಚ್ಚಿನ ದುಡ್ಡು ಹೋಗಬೇಕಾದ ತಾರೀಖು 20. ಪಗಾರ ಒಂದನೇ ತಾರೀಖಿಗೇ ಬಂದಿದ್ದರೆ ಆ ಮೂರು ಸಾವಿರ ಇಪ್ಪತ್ತು ದಿನ ಮನೆಯಲ್ಲಿ ಇರಬೇಕು, ಮದುವೆ ಆಹೇರಿಯಿಂದ ಹಿಡಿದು ಎಲ್ಲವೂ ಅದರ ಮೇಲೆ ಕಣ್ಣು ಹಾಕುತ್ತವೆ. ಪಗಾರದ ಮರುದಿನವೇ ಸಾಹುಕಾರರಿಗೆ ಮುಟ್ಟಿಸುವುದು ಒಳ್ಳೆಯದು. ಅವರು 20ರ ಲೆಕ್ಕಕ್ಕೇ ಹಿಡಿದರೂ ನಷ್ಟವಿಲ್ಲ.

ಮೂರು ರೂಪಾಯಿ ಬಡ್ಡಿಯ ವ್ಯವಹಾರದ ಬಗ್ಗೆ ಕಾನೂನಿನ ಮಾತನ್ನೂ ತಿಳಿದಿರಬೇಕು. 1961ರ ಕರ್ನಾಟಕ ಲೇವಾದೇವಿ ಕಾಯ್ದೆಯ ಪ್ರಕಾರ ಬಡ್ಡಿ ವ್ಯವಹಾರಕ್ಕೆ ಲೈಸೆನ್ಸ್ ಬೇಕು. ವಿಪರೀತ ಬಡ್ಡಿಯ ವಿರುದ್ಧ 2004ರ ಕಾಯ್ದೆ ಬೇರೆ ಇದೆ. ಕಿರುಸಾಲ ವಸೂಲಿಯಲ್ಲಿ ಬಲವಂತ, ಬೆದರಿಕೆ ಮಾಡುವುದರ ವಿರುದ್ಧ ರಾಜ್ಯ ಸರಕಾರ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ನಂತರ ಕಾನೂನು ತಂದಿತು. ಅಸಲು ಹಿಡಿಯಲು ಒಲ್ಲೆ ಎನ್ನುವವರ ಜತೆ ಮಾತಾಡುವಾಗ ಇದು ಗೊತ್ತಿದ್ದರೆ ಮಾತಿಗೆ ಬಲ ಬರುತ್ತದೆ.

ಪ್ರತಿ ಸಾಲ ಮುಗಿದ ತಾರೀಖಿಗೆ ಬರೀ ಕೈಯಲ್ಲಿ ವಾಪಸ್ ಬರಬೇಡಿ. ಸೊಸೈಟಿಯಿಂದ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಂಡು ಜಾಮೀನುದಾರರಿಗೂ ಒಂದು ಪ್ರತಿ ಕೊಡಿ. ಫೈನಾನ್ಸಿನಿಂದಲೂ ಸಾಲ ಮುಗಿದ ಪತ್ರ ಪಡೆದು, ಎರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಆ ಸಾಲ ಮುಕ್ತಾಯವಾಗಿದೆಯೇ ನೋಡಿ. ಸಾಹುಕಾರರ ಹತ್ತಿರ ಕೊನೆಯ ಕಂತಿನ ದುಡ್ಡು ಕೈಯಿಂದ ಬಿಡುವ ಮೊದಲೇ, ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕು, ಬಾಂಡು, ಪ್ರಾಮಿಸರಿ ನೋಟು ಮೇಜಿನ ಮೇಲೆ ಬಂದಿರಬೇಕು.